ಬಿಡದಿಯಲ್ಲಿ ಯೂನಿಯನ್ ಇತ್ತು, ನರಸಾಪುರದಲ್ಲಿ ಇರಲಿಲ್ಲ

2020ರ ಕೊನೆಯಲ್ಲಿ, ಒಂದು ತಿಂಗಳ ಅಂತರದಲ್ಲಿ, ಬೆಂಗಳೂರಿನ ಎರಡು ಮಗ್ಗುಲಿನ ಎರಡು ಕಾರ್ಖಾನೆಗಳು ದೇಶದ ಗಮನ ಸೆಳೆದವು. ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ನವೆಂಬರ್ 10ರಂದು ಬೀಗಮುದ್ರೆ ಘೋಷಿಸಿತು. ಅಲ್ಲಿ ಶುರುವಾದ ಜಟಾಪಟಿ ಮುಂದಿನ ಮಾರ್ಚ್‌ವರೆಗೂ ಎಳೆಯಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಡಿಸೆಂಬರ್ 12ರ ಬೆಳಗ್ಗೆ ಪಾಳಿ ಬದಲಾಗುವ ಹೊತ್ತಿಗೆ ಗಾಜು ಒಡೆಯಿತು, ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಜನರ ಬಂಧನವಾಯಿತು.

ಮಾನವ ಸಂಪನ್ಮೂಲದ ಪ್ರಶ್ನೆಪತ್ರಿಕೆಯಲ್ಲಿ ‘ಕುಂದುಕೊರತೆ’, ‘ಕೈಗಾರಿಕಾ ವಿವಾದ’, ‘ಸಾಮೂಹಿಕ ಚೌಕಾಶಿ’, ‘ಮುಷ್ಕರ’, ‘ಬೀಗಮುದ್ರೆ’ಗಳ ಬಗ್ಗೆ ಹತ್ತು ಅಂಕದ ಪ್ರಶ್ನೆ ಬಂದರೆ ಹೆಚ್ಚಿನ ಉತ್ತರಗಳು ಒಂದೊಂದಕ್ಕೂ ಬೇರೆ ಬೇರೆ ವ್ಯಾಖ್ಯೆ ಬರೆದು ಮುಗಿಯುತ್ತವೆ. ಆದರೆ ಇವು ಬಿಡಿ ಪದಗಳಲ್ಲ, ಒಂದೇ ಜಗಳದ ಹಂತಗಳು. ಒಂದು ಹಂತದಲ್ಲಿ ಬಗೆಹರಿಯದೆ ಉಳಿದದ್ದು ಮುಂದಿನ ಹಂತದಲ್ಲಿ ಹೊಸ ಹೆಸರು ಪಡೆಯುತ್ತದೆ, ಹೊಸ ಕಾನೂನಿಗೆ ಒಳಪಡುತ್ತದೆ. ಈ ಎರಡು ಕಾರ್ಖಾನೆಗಳನ್ನು ಜೊತೆಗಿಟ್ಟು ನೋಡಿದರೆ ಆ ಸಾಲು ಕಾಣುತ್ತದೆ. ಇನ್ನೊಂದು ಮಾತು: 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಮೂರರ ಜಾಗಕ್ಕೂ ಈಗ ಅದೇ ಬಂದಿದೆ. ಹಳೆಯ ಗೈಡುಗಳಲ್ಲಿರುವ ಕಲಂ ಸಂಖ್ಯೆಗಳನ್ನು ಹಾಗೆಯೇ ಇಳಿಸಿದರೆ ಉತ್ತರ ಹಳಸಿದಂತೆ ಕಾಣುತ್ತದೆ. ಬಿಡದಿಯ ಪ್ರಕರಣ ನಡೆದದ್ದು ಹಳೆಯ ಕಾಯ್ದೆಯಡಿ. ಆದ್ದರಿಂದ ಎರಡೂ ಕಾನೂನು ತಿಳಿದಿರಬೇಕು.

ದೂರು ಎಲ್ಲಿ ವಿವಾದವಾಗುತ್ತದೆ

ನರಸಾಪುರದಿಂದ ಶುರು ಮಾಡೋಣ. ಅಲ್ಲಿನ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಯುವಕ ಯುವತಿಯರು. ಹೇಳಿದ ಸಂಬಳಕ್ಕೂ ಖಾತೆಗೆ ಬಿದ್ದ ಹಣಕ್ಕೂ ತಾಳೆಯಾಗುತ್ತಿಲ್ಲ ಎಂಬುದು, ಪಾಳಿಯ ಅವಧಿ ಹನ್ನೆರಡು ಗಂಟೆಗೆ ಏರಿದೆ ಎಂಬುದು ಅವರ ದೂರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಆ್ಯಪಲ್ ಕೂಡ ವಿಸ್ಟ್ರಾನ್ ಅನ್ನು ಪರೀಕ್ಷಾವಧಿಯಲ್ಲಿಟ್ಟು ಹೊಸ ಆರ್ಡರ್ ತಡೆಹಿಡಿಯಿತು. ಅಂದರೆ ದೂರಿನಲ್ಲಿ ಹುರುಳಿತ್ತು, ಅದು ಹರಿದುಹೋಗಲು ನಂಬಬಹುದಾದ ದಾರಿ ಇರಲಿಲ್ಲ. ಪೇ ಸ್ಲಿಪ್ ಹಿಡಿದು ಸೂಪರ್‌ವೈಸರ್ ಬಳಿ ಹೋದರೆ ಏಜೆನ್ಸಿಯನ್ನು ಕೇಳು ಎನ್ನುತ್ತಾನೆ, ಏಜೆನ್ಸಿ ಕಂಪನಿಯ ಹಾಜರಿ ಲೆಕ್ಕ ತೋರಿಸುತ್ತದೆ. ಗುತ್ತಿಗೆ ಕಾರ್ಮಿಕರಿರುವ ಎಲ್ಲ ಕಡೆಯೂ ಈ ಅಲೆದಾಟ ಗೊತ್ತಿರುವಂಥದ್ದೇ.

ಕುಂದುಕೊರತೆ ನಿರ್ವಹಣೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಇದೇ ತಿರುಳು. 1958ರ ಶಿಸ್ತು ಸಂಹಿತೆಯ ಜೊತೆ ಬಂದ ಮಾದರಿ ಕುಂದುಕೊರತೆ ವಿಧಾನವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಕಾರ್ಮಿಕ ಮೊದಲು ತನ್ನ ಮೇಲ್ವಿಚಾರಕನಿಗೆ ಹೇಳಬೇಕು, 48 ಗಂಟೆಯೊಳಗೆ ಉತ್ತರ ಬರಬೇಕು. ತೃಪ್ತಿಯಾಗದಿದ್ದರೆ ವಿಭಾಗದ ಮುಖ್ಯಸ್ಥನ ಬಳಿ, ಅಲ್ಲಿ ಮೂರು ದಿನ. ಆಮೇಲೆ ಕುಂದುಕೊರತೆ ಸಮಿತಿ, ಏಳು ದಿನದೊಳಗೆ ಶಿಫಾರಸು. ನಂತರ ಆಡಳಿತ ಮಂಡಳಿಯ ನಿರ್ಧಾರ, ಅದರ ಮೇಲೆ ಮರುಪರಿಶೀಲನೆ, ಕಡೆಗೆ ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆ. ಇಲ್ಲಿ ಹಂತಗಳ ಸಂಖ್ಯೆಗಿಂತ ಎರಡು ಗುಣ ಮುಖ್ಯ. ಪ್ರತಿ ಹಂತಕ್ಕೂ ಗಡುವು ಇದೆ, ಮತ್ತು ‘ಇಲ್ಲ’ ಎಂದವನ ಮೇಲೆ ಇನ್ನೊಬ್ಬನನ್ನು ಕೇಳುವ ಅವಕಾಶ ಇದೆ. ಇವೆರಡೂ ಇಲ್ಲದ ದೂರು ಪೆಟ್ಟಿಗೆಯನ್ನು ಕುಂದುಕೊರತೆ ವ್ಯವಸ್ಥೆ ಎನ್ನಲಾಗದು.

ಆ ಮಾದರಿ ಸ್ವಯಂಪ್ರೇರಿತ, ಕಾನೂನಿನ ಬಲವಿರಲಿಲ್ಲ. ಈಗಿನ ಸಂಹಿತೆಯ ಪ್ರಕಾರ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಕಡ್ಡಾಯ. ಮಾಲೀಕರ ಕಡೆ ಎಷ್ಟು ಜನವೋ ಕಾರ್ಮಿಕರ ಕಡೆಯೂ ಅಷ್ಟೇ, ಒಟ್ಟು ಹತ್ತನ್ನು ಮೀರಬಾರದು. ಅಧ್ಯಕ್ಷಗಿರಿ ವರ್ಷ ಬಿಟ್ಟು ವರ್ಷ ಎರಡೂ ಕಡೆಗೆ ಹೋಗುತ್ತದೆ. ದೂರಿನ ಕಾರಣ ಹುಟ್ಟಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಸಮಿತಿ ಮೂವತ್ತು ದಿನದಲ್ಲಿ ಮುಗಿಸಬೇಕು. ಬಹುಮತದ ತೀರ್ಮಾನ ನಡೆಯುತ್ತದೆ, ಆದರೆ ಕಾರ್ಮಿಕ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರದಿದ್ದರೆ ಆ ತೀರ್ಮಾನಕ್ಕೆ ಬೆಲೆಯಿಲ್ಲ. ನನ್ನ ಮಟ್ಟಿಗೆ ಈ ಕಡೆಯ ಷರತ್ತೇ ಸಮಿತಿಗೆ ಜೀವ. ಇದಿಲ್ಲದಿದ್ದರೆ ಅಧ್ಯಕ್ಷಗಿರಿ ಮಾಲೀಕರ ಕಡೆ ಇದ್ದ ವರ್ಷವೆಲ್ಲ ಸಮಿತಿ ಮುದ್ರೆ ಒತ್ತುವ ಕೆಲಸವಷ್ಟೇ ಮಾಡುತ್ತಿತ್ತು. ಪರಿಹಾರ ಸಿಗದ ಕಾರ್ಮಿಕ ಅರವತ್ತು ದಿನದೊಳಗೆ, ತಾನು ಸದಸ್ಯನಾಗಿರುವ ಸಂಘದ ಮೂಲಕ, ವಿವಾದ ಬಗೆಹರಿಸಲು ಸರ್ಕಾರ ನೇಮಿಸಿದ ಸಂಧಾನಾಧಿಕಾರಿಯ ಬಳಿ ಹೋಗಬಹುದು. ‘ಸಂಘದ ಮೂಲಕ’ ಎಂಬುದನ್ನು ಗಮನಿಸಿ. ನರಸಾಪುರದಂಥ ಕಡೆ ಸಮಿತಿ ಇದ್ದಿದ್ದರೂ ಮುಂದಿನ ಮೆಟ್ಟಿಲು ಹತ್ತಿಸಲು ಸಂಘ ಇರಲಿಲ್ಲ.

ಇನ್ನು ಬಿಡದಿ. ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಾಯಂ ನೌಕರರ ನೋಂದಾಯಿತ ಸಂಘವಿತ್ತು. ಕೆಲಸದ ಹೊರೆ ವಿಪರೀತವಾಗಿದೆ ಎಂಬ ಅಸಮಾಧಾನ ಕುದಿಯುತ್ತಿತ್ತು. ನವೆಂಬರ್ 9ರಂದು ಸಂಘದ ಮುಂದಾಳುಗಳಲ್ಲಿ ಒಬ್ಬರನ್ನು ಕಂಪನಿ ಅಮಾನತು ಮಾಡಿತು. ಅನುಚಿತ ನಡವಳಿಕೆ ಎಂಬುದು ಕಂಪನಿ ಕೊಟ್ಟ ಕಾರಣ. ಕೂಡಲೇ ನೌಕರರು ಕಾರ್ಖಾನೆಯೊಳಗೇ ಕೂತರು.

ಇಲ್ಲೊಂದು ಒಳ್ಳೆಯ ಪರೀಕ್ಷಾ ಪ್ರಶ್ನೆ ಅಡಗಿದೆ: ಒಬ್ಬನ ಅಮಾನತು ಕೈಗಾರಿಕಾ ವಿವಾದವೇ? ಒಬ್ಬ ಕಾರ್ಮಿಕನ ವಜಾ, ಬಿಡುಗಡೆ, ಸಿಬ್ಬಂದಿ ಕಡಿತ ಅಥವಾ ಸೇವೆ ಕೊನೆಗೊಳಿಸುವುದು, ಈ ನಾಲ್ಕನ್ನು ಮಾತ್ರ ಕಾನೂನು ತಾನಾಗಿಯೇ ಕೈಗಾರಿಕಾ ವಿವಾದ ಎಂದು ಪರಿಗಣಿಸುತ್ತದೆ. ಹಳೆಯ ಕಾಯ್ದೆಯಲ್ಲಿ ಇದು ಕಲಂ 2ಎ, ಸಂಹಿತೆಯಲ್ಲಿ ವಿವಾದದ ವ್ಯಾಖ್ಯೆಯೊಳಗೇ ಸೇರಿದೆ. ಅಮಾನತು ಈ ಪಟ್ಟಿಯಲ್ಲಿಲ್ಲ. ಅಮಾನತಾದವನು ಇನ್ನೂ ನೌಕರನೇ. ವಿಚಾರಣೆ ನಡೆಯುವಾಗ ಅವನಿಗೆ ಮೊದಲ ತೊಂಬತ್ತು ದಿನ ಅರ್ಧ ಸಂಬಳ, ವಿಳಂಬ ಅವನಿಂದಾಗಿರದಿದ್ದರೆ ಆಮೇಲೆ ಮುಕ್ಕಾಲು ಪಾಲು ಜೀವನಾಧಾರ ಭತ್ಯೆ ಸಿಗಬೇಕು. ಹಾಗಾಗಿ ಅಮಾನತು ವಿವಾದವಾಗಬೇಕಾದರೆ ಜೊತೆಗಾರರು ಅದನ್ನು ತಮ್ಮದೆಂದು ಎತ್ತಿಕೊಳ್ಳಬೇಕು. ಡಿಮಾಕುಚಿ ಟೀ ಎಸ್ಟೇಟ್ ಪ್ರಕರಣದಲ್ಲಿ 1958ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಅಳತೆಗೋಲು ಕೊಟ್ಟಿತು: ಯಾರ ಪರವಾಗಿ ವಿವಾದ ಎತ್ತಲಾಗಿದೆಯೋ ಅವನ ವಿಷಯದಲ್ಲಿ ಎತ್ತಿದವರಿಗೆ ನೇರ ಅಥವಾ ಗಣನೀಯ ಹಿತಾಸಕ್ತಿ ಇರಬೇಕು. ಸಂಘದ ಮುಂದಾಳನ್ನೇ ಹೊರಗಿಟ್ಟರೆ ಉಳಿದವರಿಗೆ ಅದರಲ್ಲಿ ಹಿತಾಸಕ್ತಿ ಇದೆ ಎಂದು ವಾದಿಸುವುದು ಕಷ್ಟವಲ್ಲ. ಒಂದೇ ದಿನದಲ್ಲಿ ಒಬ್ಬನ ಕುಂದುಕೊರತೆ ಸಾವಿರಾರು ಜನರ ವಿವಾದವಾದದ್ದು ಹೀಗೆ.

ಚೌಕಾಶಿ ಮೇಜಿನಲ್ಲಿ ಯಾರು ಕೂರಬೇಕು

ಏಳು ಸದಸ್ಯರು ಸೇರಿ ಅರ್ಜಿ ಹಾಕಿ, ಸಂಸ್ಥೆಯ ಕಾರ್ಮಿಕರಲ್ಲಿ ಶೇ 10 ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಇದ್ದರೆ ಸಂಘ ನೋಂದಣಿಯಾಗುತ್ತದೆ. ನೋಂದಣಿಯಾದ ಮಾತ್ರಕ್ಕೆ ಮಾಲೀಕ ಅದರೊಂದಿಗೆ ಮಾತಿಗೆ ಕೂರಬೇಕೆಂದೇನೂ ಇರಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಮಾನ್ಯತೆಯ ಕಾನೂನೇ ಇರಲಿಲ್ಲ. ಸಂಹಿತೆ ಈ ಕೊರತೆಯನ್ನು ತುಂಬಿದೆ. ಒಂದೇ ಸಂಘ ಇದ್ದರೆ ಅದೇ ಸಂಧಾನಕಾರ ಸಂಘ. ಹಲವು ಇದ್ದರೆ ಹಾಜರಿ ಪಟ್ಟಿಯ ಶೇ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲವುಳ್ಳ ಸಂಘಕ್ಕೆ ಮಾತ್ರ ಮೇಜು. ಯಾರಿಗೂ ಅಷ್ಟಿಲ್ಲದಿದ್ದರೆ, ಶೇ 20 ಮುಟ್ಟಿದ ಸಂಘಗಳು ಸೇರಿ ಸಂಧಾನ ಮಂಡಳಿ. ಸಾವಿರ ಜನರ ಕಾರ್ಖಾನೆಯಲ್ಲಿ ಒಂದು ಸಂಘಕ್ಕೆ 400, ಇನ್ನೊಂದಕ್ಕೆ 200, ಮೂರನೆಯದಕ್ಕೆ 150 ಜನರ ಬೆಂಬಲ ಇದೆ ಎನ್ನಿ. ಪ್ರತಿ ಶೇ 20ಕ್ಕೆ ಒಬ್ಬ ಪ್ರತಿನಿಧಿಯಂತೆ ಮೊದಲನೆಯದಕ್ಕೆ ಇಬ್ಬರು, ಎರಡನೆಯದಕ್ಕೆ ಒಬ್ಬರು, ಮೂರನೆಯದಕ್ಕೆ ಯಾರೂ ಇಲ್ಲ. ಆ 150 ಜನ ಸದಸ್ಯರಾಗಿ ಉಳಿಯುತ್ತಾರೆ, ಮೇಜಿನಲ್ಲಿ ಅವರ ದನಿ ಇರುವುದಿಲ್ಲ.

ಮೇಜಿನ ಮೇಲೆ ನಡೆಯುವುದು ಏನು? ಹಳೆಯ ಒಪ್ಪಂದದ ಅವಧಿ ಮುಗಿಯುತ್ತಿದ್ದಂತೆ ಸಂಘ ಬೇಡಿಕೆ ಪಟ್ಟಿ ಕೊಡುತ್ತದೆ. ಆಡಳಿತ ಮಂಡಳಿ ಸುಮ್ಮನೆ ಕೂರುವುದಿಲ್ಲ, ಉತ್ಪಾದಕತೆ ಇಷ್ಟು ಏರಬೇಕು, ಚಹಾ ವಿರಾಮ ಇಷ್ಟು ಇಳಿಯಬೇಕು ಎಂದು ತನ್ನ ಪ್ರತಿಬೇಡಿಕೆ ಇಡುತ್ತದೆ. ಕಾಲ್ಪನಿಕ ಲೆಕ್ಕ ಒಂದನ್ನು ಹಿಡಿಯಿರಿ. ಸಂಘ ಬಾಯಲ್ಲಿ ಕೇಳುವುದು ತಿಂಗಳಿಗೆ 9,000 ರೂಪಾಯಿ ಏರಿಕೆ, ಒಳಗೆ 6,000ಕ್ಕೆ ಒಪ್ಪಲು ತಯಾರು. ಕಂಪನಿ ಹೇಳುವುದು 3,000, ಒಳಗೆ 6,500ರವರೆಗೆ ಹೋಗಬಲ್ಲದು. ಒಪ್ಪಂದ ಸಾಧ್ಯವಿರುವುದು 6,000ದಿಂದ 6,500ರ ನಡುವಿನ ಆ ಕಿರಿದಾದ ಪಟ್ಟಿಯಲ್ಲಿ. ಆ ಐನೂರು ರೂಪಾಯಿ ಯಾರಿಗೆ ಎಂಬ ಎಳೆದಾಟಕ್ಕೆ ಸಂಶೋಧಕರಾದ ವಾಲ್ಟನ್ ಮತ್ತು ಮ್ಯಾಕರ್ಸಿ 1965ರಲ್ಲಿ ಕೊಟ್ಟ ಹೆಸರು ಹಂಚಿಕೆಯ ಚೌಕಾಶಿ. ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗೆ ನಷ್ಟ. ಲೈನಿನಲ್ಲಿ ಕೆಲಸದ ಹೊರೆ ಹೇಗಿರಬೇಕು ಎಂಬುದು ಹಾಗಲ್ಲ. ಕೆಲಸದ ಹಂಚಿಕೆ ಬದಲಿಸಿದರೆ ಗಾಡಿಗಳ ಸಂಖ್ಯೆಯೂ ಉಳಿಯಬಹುದು, ಸೊಂಟವೂ ಉಳಿಯಬಹುದು. ಇದು ಸಮನ್ವಯದ ಚೌಕಾಶಿ. ಬಿಡದಿಯಲ್ಲಿ ಈ ಎರಡನೆಯ ಬಗೆಯ ವಿಷಯವೇ ಅಮಾನತಿನ ಜಗಳದಡಿ ಹೂತುಹೋಯಿತು. ವಾಲ್ಟನ್ ಮತ್ತು ಮ್ಯಾಕರ್ಸಿ ಹೇಳಿದ ಇನ್ನೆರಡು ಬಗೆ, ಅಂದರೆ ಪರಸ್ಪರ ಧೋರಣೆ ತಿದ್ದುವುದು ಮತ್ತು ತನ್ನ ಕಡೆಯವರನ್ನೇ ಒಪ್ಪಿಸುವುದು, ಉತ್ತರದಲ್ಲಿ ಒಂದೊಂದು ಸಾಲು ಸಾಕು. ಕಡೆಯದನ್ನು ಯೂನಿಯನ್ ಮುಖಂಡರನ್ನು ಕೇಳಿ ನೋಡಿ, ಅದೇ ಎಲ್ಲಕ್ಕಿಂತ ಕಷ್ಟ ಎನ್ನುತ್ತಾರೆ.

ಒಪ್ಪಿಗೆಯಾದ ಮೇಲೂ ಎರಡೂ ಕಡೆಯವರು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ಸಹಿ ಹಾಕುವುದುಂಟು. ಕಾರಣ ಸರಳ. ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟಿಹಾಕುತ್ತದೆ. ಸಂಧಾನ ಪ್ರಕ್ರಿಯೆಯಲ್ಲಿ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ, ನಾಳೆ ಸೇರುವವರಿಗೂ ಅನ್ವಯಿಸುತ್ತದೆ. ಕಾರ್ಖಾನೆಗಳಲ್ಲಿ ಹಳಬರು ಇಂದಿಗೂ ಇದನ್ನು ‘ಟ್ವೆಲ್ವ್ ತ್ರೀ’ ಎನ್ನುತ್ತಾರೆ, ಹಳೆಯ ಕಾಯ್ದೆಯ 12(3) ಕಲಮಿನಿಂದ.

ಕಾನೂನುಬದ್ಧ ಮುಷ್ಕರದ ಲೆಕ್ಕ

ನವೆಂಬರ್ 9ರ ಧರಣಿಯನ್ನು ಕಂಪನಿ ಅಕ್ರಮ ಎಂದಿತು. ಬೀಗಮುದ್ರೆಯೇ ಅಕ್ರಮ ಎಂದು ಸಂಘ ಹೇಳಿತು. ಇದು ಬರೀ ಬೈಗುಳದ ವಿನಿಮಯವಲ್ಲ. ಅಕ್ರಮ ಮುಷ್ಕರಕ್ಕೆ ಪ್ರತಿಯಾಗಿ ಹೂಡಿದ ಬೀಗಮುದ್ರೆ ಅಕ್ರಮವಲ್ಲ, ಅಕ್ರಮ ಬೀಗಮುದ್ರೆಗೆ ಪ್ರತಿಯಾಗಿ ಹೂಡಿದ ಮುಷ್ಕರವೂ ಅಕ್ರಮವಲ್ಲ ಎಂದು ಕಾನೂನು ಹೇಳುತ್ತದೆ. ಹಾಗಾಗಿ ಮೊದಲ ಹೆಜ್ಜೆ ಯಾರದು, ಅದು ಕ್ರಮಬದ್ಧವೇ ಎಂಬುದರ ಮೇಲೆ ಉಳಿದದ್ದೆಲ್ಲ ನಿಲ್ಲುತ್ತದೆ.

ಮುಷ್ಕರದ ನೋಟಿಸಿನ ವಿಷಯದಲ್ಲಿ ಬಹಳಷ್ಟು ಟಿಪ್ಪಣಿಗಳು ಎಡವುತ್ತವೆ. ‘ಮುಷ್ಕರಕ್ಕೆ ಅರವತ್ತು ದಿನ ಮೊದಲು ನೋಟಿಸ್ ಕೊಡಬೇಕು’ ಎಂದು ಬರೆದಿರುತ್ತಾರೆ. ಸಂಹಿತೆಯ ಕಲಂ 62 ಹೇಳುವುದು ಹಾಗಲ್ಲ. ಮುಷ್ಕರಕ್ಕೆ ಹಿಂದಿನ ಅರವತ್ತು ದಿನದೊಳಗೆ ನೋಟಿಸ್ ಕೊಟ್ಟಿರಬೇಕು, ಕೊಟ್ಟ ಹದಿನಾಲ್ಕು ದಿನ ಮುಷ್ಕರ ಹೂಡುವಂತಿಲ್ಲ, ನೋಟಿಸಿನಲ್ಲಿ ಹೇಳಿದ ದಿನಾಂಕಕ್ಕೆ ಮುಂಚೆಯೂ ಹೂಡುವಂತಿಲ್ಲ. ಅರವತ್ತು ದಿನವೆಂದರೆ ನೋಟಿಸಿನ ಆಯುಸ್ಸು, ಕಾಯಬೇಕಾದ ಅವಧಿ ಹದಿನಾಲ್ಕು ದಿನ. ಹಳೆಯ ಕಾಯ್ದೆಯಲ್ಲಿ ಆಯುಸ್ಸು ಆರು ವಾರ, ಅದೂ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ. ಈಗ ಈ ನಿಯಮ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ಬಂದಿದೆ. ನಿಜವಾದ ಬದಲಾವಣೆ ಇದು.

ದಿನಾಂಕ ಹಾಕಿ ನೋಡೋಣ. ಸಂಘ ಜೂನ್ 1ರಂದು ನೋಟಿಸ್ ಕೊಟ್ಟಿತು. ಜೂನ್ 15ರವರೆಗೆ ಮುಷ್ಕರ ಕೂಡದು. ಮಾಲೀಕ ಐದು ದಿನದೊಳಗೆ ಸರ್ಕಾರಕ್ಕೂ ಸಂಧಾನಾಧಿಕಾರಿಗೂ ತಿಳಿಸಬೇಕು. ಅಧಿಕಾರಿ ಜೂನ್ 8ಕ್ಕೆ ಮೊದಲ ಸಭೆ ಕರೆದರು. ಆ ದಿನದಿಂದಲೇ ಸಂಧಾನ ಪ್ರಕ್ರಿಯೆ ಶುರು ಎಂದು ಲೆಕ್ಕ. ಸಂಧಾನ ನಡೆಯುವಾಗಲೂ, ಮುಗಿದ ಏಳು ದಿನವೂ ಮುಷ್ಕರಕ್ಕೆ ತಡೆ. ಮುಷ್ಕರದ ನೋಟಿಸ್ ಇರುವಾಗ ಅಧಿಕಾರಿ ಹದಿನಾಲ್ಕು ದಿನದಲ್ಲಿ ವರದಿ ಕೊಡಬೇಕು, ಅಂದರೆ ಜೂನ್ 22. ಏಳು ದಿನ ಸೇರಿಸಿದರೆ ಜೂನ್ 29. ಆದ್ದರಿಂದ ಕಿಟಕಿ ತೆರೆಯುವುದು ಜೂನ್ 30ಕ್ಕೆ. ನೋಟಿಸಿನ ಅರವತ್ತನೆಯ ದಿನ ಜುಲೈ 31, ಅಲ್ಲಿಗೆ ಅದು ಮುಚ್ಚುತ್ತದೆ.

ಕಾಗದದ ಮೇಲೆ ಒಂದು ತಿಂಗಳ ಅವಕಾಶ. ಆದರೆ ಸಂಧಾನ ವಿಫಲವಾದ ವರದಿ ಬಂದ ಮೇಲೆ ಯಾವ ಕಕ್ಷಿಯಾದರೂ ತೊಂಬತ್ತು ದಿನದೊಳಗೆ ನೇರವಾಗಿ ಕೈಗಾರಿಕಾ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಟ್ರಿಬ್ಯೂನಲ್ ಮುಂದೆ ಪ್ರಕರಣ ಇರುವಷ್ಟು ಕಾಲ, ಮುಗಿದ ಅರವತ್ತು ದಿನವೂ ಮುಷ್ಕರಕ್ಕೆ ನಿಷೇಧ. ಕಂಪನಿಯ ವಕೀಲರು ಜೂನ್ 23ರ ಬೆಳಗ್ಗೆ ಅರ್ಜಿ ಹಾಕಿ ಅದು ವಿಚಾರಣೆಗೆ ಬಂದರೆ ಜೂನ್ 30ರ ಕಿಟಕಿ ತೆರೆಯುವುದೇ ಇಲ್ಲ. ಮುಷ್ಕರದ ಹಕ್ಕನ್ನು ಸಂಹಿತೆ ಕಿತ್ತುಕೊಂಡಿದೆ ಎಂಬ ಟೀಕೆ ಅಕ್ಷರಶಃ ಸರಿಯಲ್ಲ, ಹಕ್ಕು ಹಾಗೆಯೇ ಇದೆ ಎಂಬ ಸಮರ್ಥನೆಯೂ ಸರಿಯಲ್ಲ. ಕಿಟಕಿಯ ಅಗುಳಿ ಈಗ ಎದುರು ಪಕ್ಷದ ಕೈಗೂ ಸಿಕ್ಕಿದೆ ಎನ್ನುವುದು ಹೆಚ್ಚು ನಿಖರ. ಮೌಲ್ಯಮಾಪಕರು ‘ವಿಮರ್ಶಿಸಿ’ ಎಂದು ಕೇಳಿದಾಗ ಬಯಸುವುದು ಇಂಥ ವಾಕ್ಯವನ್ನೇ.

ಹಾಗಾದರೆ ಎಲ್ಲರೂ ಒಂದೇ ದಿನ ರಜೆ ಹಾಕಿದರೆ? ಅದನ್ನೂ ಯೋಚಿಸಿದ್ದಾರೆ. ಒಂದು ದಿನ ಶೇ 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ.

ಬಿಡದಿಯಲ್ಲಿ ಮುಂದೆ ನಡೆದದ್ದು

ಹಳೆಯ ಕಾಯ್ದೆಯಲ್ಲಿ ಅಗುಳಿ ಇದ್ದದ್ದು ಸರ್ಕಾರದ ಕೈಯಲ್ಲಿ. ವಿವಾದವನ್ನು ನ್ಯಾಯನಿರ್ಣಯಕ್ಕೆ ಒಪ್ಪಿಸುವುದು, ಒಪ್ಪಿಸಿದ ಮೇಲೆ ಕಲಂ 10(3)ರಡಿ ನಡೆಯುತ್ತಿರುವ ಮುಷ್ಕರವನ್ನೂ ಬೀಗಮುದ್ರೆಯನ್ನೂ ನಿಷೇಧಿಸುವುದು ಸರ್ಕಾರದ ಅಧಿಕಾರ. ಕರ್ನಾಟಕ ಸರ್ಕಾರ ನವೆಂಬರ್ ಮೂರನೆಯ ವಾರದಲ್ಲಿ ಎರಡನ್ನೂ ನಿಷೇಧಿಸಿ ಆದೇಶ ಹೊರಡಿಸಿತು. ನವೆಂಬರ್ 19ರಂದು ಕಂಪನಿ ಬೀಗ ತೆಗೆಯಿತು. ಆದರೆ ಹೆಚ್ಚಿನ ಸದಸ್ಯರು ಒಳಗೆ ಹೋಗಲಿಲ್ಲ. 23ರಂದು ಮತ್ತೆ ಬೀಗ. ಅದು ತೆರೆದದ್ದು 2021ರ ಜನವರಿ 12ಕ್ಕೆ. ಅಷ್ಟರಲ್ಲಿ ಅಮಾನತಾದವರ ಪಟ್ಟಿ ಹತ್ತಾರಕ್ಕೆ ಬೆಳೆದಿತ್ತು.

ಕೆಲಸಕ್ಕೆ ಮರಳುವವರಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವ ವಿಷಯ ಇಲ್ಲಿ ದೊಡ್ಡದಾಯಿತು. ಅನುಚಿತ ಕಾರ್ಮಿಕ ಪದ್ಧತಿಗಳ ಬಗ್ಗೆ ಬರೆಯುವಾಗ ಈ ಉದಾಹರಣೆ ಬಳಸಬಹುದು, ಆದರೆ ಎಚ್ಚರದಿಂದ. ಕಾನೂನುಬದ್ಧ ಮುಷ್ಕರದಲ್ಲಿರುವ ಕಾರ್ಮಿಕರಿಗೆ ಮುಚ್ಚಳಿಕೆಯ ಷರತ್ತು ಹಾಕುವುದು ಅನುಚಿತ ಪದ್ಧತಿ ಎಂದು ಕಾನೂನಿನ ಅನುಸೂಚಿ ಹೇಳುತ್ತದೆ. ಮುಷ್ಕರವೇ ಅಕ್ರಮವಾಗಿದ್ದರೆ ಆ ರಕ್ಷಣೆ ಇಲ್ಲ. ಮತ್ತೆ ಅದೇ ನೋಟಿಸಿನ ಲೆಕ್ಕಕ್ಕೆ ಬಂದು ನಿಂತೆವು.

ಸಂಬಳದ ಪ್ರಶ್ನೆಯೂ ಅಲ್ಲಿಗೇ ಬರುತ್ತದೆ. ಮುಷ್ಕರದ ದಿನಗಳ ಸಂಬಳ ಬೇಕಾದರೆ ಮುಷ್ಕರ ಕಾನೂನುಬದ್ಧವೂ ಆಗಿರಬೇಕು, ಸಮರ್ಥನೀಯವೂ ಆಗಿರಬೇಕು ಎಂದು ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ ಹೇಳಿತು. ಬೇಡಿಕೆ ಎಷ್ಟೇ ನ್ಯಾಯವಾಗಿರಲಿ, ನೋಟಿಸ್ ತಪ್ಪಿದರೆ ಸಂಬಳವಿಲ್ಲ. ನೋಟಿಸ್ ಸರಿಯಿದ್ದು ಬೇಡಿಕೆ ಹಠದ್ದಾದರೂ ಇಲ್ಲ. ಸಂಹಿತೆಯಲ್ಲಿ ಅಕ್ರಮ ಮುಷ್ಕರಕ್ಕೆ ಕಾರ್ಮಿಕನಿಗೆ ಒಂದು ಸಾವಿರದಿಂದ ಹತ್ತು ಸಾವಿರ ರೂಪಾಯಿವರೆಗೆ, ಅಕ್ರಮ ಬೀಗಮುದ್ರೆಗೆ ಮಾಲೀಕನಿಗೆ ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ಕಾರ್ಮಿಕನಿಗೆ ದಂಡಕ್ಕಿಂತ ಕಳೆದುಹೋದ ಸಂಬಳವೇ ಭಾರ. ಬಿಡದಿಯವರು 2021ರ ಮಾರ್ಚ್ ಮೊದಲ ದಿನಗಳಲ್ಲಿ ಮುಷ್ಕರ ಕೈಬಿಟ್ಟು ಮರಳುವ ಹೊತ್ತಿಗೆ ಸಂಬಳವಿಲ್ಲದ ತಿಂಗಳುಗಳನ್ನು ಎಣಿಸಿದ್ದರು.

ಆದರೂ ಬಿಡದಿಯ ಜಗಳಕ್ಕೆ ಒಂದು ವಿಳಾಸವಿತ್ತು. ಸರ್ಕಾರ ಮಾತಿಗೆ ಕರೆಯಬಹುದಾದ ಪದಾಧಿಕಾರಿಗಳಿದ್ದರು, ಆದೇಶ ತಲುಪಿಸಬಹುದಾದ ಸಂಘವಿತ್ತು. ನರಸಾಪುರದಲ್ಲಿ ಅಂದು ಬೆಳಗ್ಗೆ ಮಾತಾಡಲು ಅಧಿಕಾರಿಗಳಿಗೆ ಎದುರು ಪಕ್ಷವೇ ಇರಲಿಲ್ಲ. ಆ ಘಟಕ 2023ರಲ್ಲಿ ಟಾಟಾ ಸಮೂಹಕ್ಕೆ ಸೇರಿತು. ಸಂಧಾನಕಾರ ಸಂಘವನ್ನು ನಿರ್ಧರಿಸುವ ಶೇ 51 ಲೆಕ್ಕ ಹಾಕುವುದು ಸಂಸ್ಥೆಯ ಹಾಜರಿ ಪಟ್ಟಿಯಿಂದ. ಗುತ್ತಿಗೆ ಕಾರ್ಮಿಕರ ಹೆಸರು ಸಾಮಾನ್ಯವಾಗಿ ಇರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಹೊಸ ಸಂಹಿತೆ ಮೇಜಿಗೆ ಯಾರು ಬರಬೇಕೆಂದು ಸ್ಪಷ್ಟಪಡಿಸಿದೆ, ಆದರೆ ನರಸಾಪುರದಂಥ ಘಟಕದ ಬಹುಪಾಲು ಜನ ಆ ಎಣಿಕೆಯ ಹೊರಗೇ ಉಳಿಯುವ ಸಾಧ್ಯತೆ ಇದೆ.